ನಾಲ್ಕು ಮನೆಗಳನ್ನೂ ತೋರಿಸು

ನೋಡಮ್ಮ, ಸಿನಾಪ್ಸಿಸ್ ಮಂಜೂರಾಗುವ ಮೊದಲೇ ಪ್ರಬಂಧದ ಫಲಿತಾಂಶದ ಅಧ್ಯಾಯದ ಬಗ್ಗೆ ಒಂದು ವಿಷಯ ಹೇಳಿಬಿಡುತ್ತೇನೆ. ಸಮುದಾಯ ವೈದ್ಯಶಾಸ್ತ್ರದಲ್ಲಾಗಲಿ ನರ್ಸಿಂಗ್‌ನಲ್ಲಾಗಲಿ, ಒಂದೇ ಗುಂಪಿನ ಜನರನ್ನು ಆರೋಗ್ಯ ಶಿಕ್ಷಣಕ್ಕೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷಿಸುವ ಅಧ್ಯಯನಗಳು ನಮ್ಮಲ್ಲಿ ಬಹಳ. ಅವುಗಳಲ್ಲಿ ಫಲಿತಾಂಶ ಹೆಚ್ಚಾಗಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ: ಪ್ರೀ-ಟೆಸ್ಟ್‌ನಲ್ಲಿ ಶೇಕಡಾ 35, ಪೋಸ್ಟ್-ಟೆಸ್ಟ್‌ನಲ್ಲಿ ಶೇಕಡಾ 57.5, ಪಿ ಮೌಲ್ಯ 0.001ಕ್ಕಿಂತ ಕಡಿಮೆ. ಓದಿದವರಿಗೆ ಎಲ್ಲ ಸರಿಯಾಗಿರುವಂತೆ ಕಾಣುತ್ತದೆ. ಆದರೆ ಆ ಸಾಲಿನಿಂದ ಯಾರೂ ನಿನ್ನ ಲೆಕ್ಕವನ್ನು ಮತ್ತೆ ಮಾಡಿ ನೋಡಲಾರರು. ನಿನ್ನ ಸಾಕ್ಷ್ಯ ಎಲ್ಲಿದೆಯೋ ಆ ಜಾಗವೇ ಅದರಲ್ಲಿ ಇಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ಮಾತಾಡೋಣ. ಸಂಖ್ಯೆಗಳು ಲೆಕ್ಕ ತೋರಿಸುವುದಕ್ಕೆಂದು ನಾನು ಹಾಕಿದವು, ಯಾವ ಊರಿನವೂ ಅಲ್ಲ. ಐದು ವರ್ಷದೊಳಗಿನ ಮಕ್ಕಳಿರುವ ತಾಯಂದಿರನ್ನು ನೀನು ಕೇಳುವ ಪ್ರಶ್ನೆ ಒಂದೇ: ಓಆರ್‌ಎಸ್ ದ್ರಾವಣವನ್ನು ಸರಿಯಾಗಿ ಮಾಡಲು ಬರುತ್ತದೆಯೇ? ಬಾಯಲ್ಲಿ ಹೇಳಿಸುವುದಲ್ಲ, ಕಣ್ಣೆದುರು ಮಾಡಿಸುವುದು. ಒಂದು ಪೊಟ್ಟಣವನ್ನು ಪೂರ್ತಿ ಸುರಿಯಬೇಕು, ನೀರು ಅಳೆದು ಒಂದು ಲೀಟರ್ ಹಾಕಬೇಕು, ಪುಡಿ ಕರಗುವವರೆಗೆ ಕಲಕಬೇಕು. ಮೂರೂ ಆದರೆ ‘ಸರಿ’, ಒಂದು ತಪ್ಪಿದರೂ ‘ತಪ್ಪು’. ಆಮೇಲೆ ಅಂಗನವಾಡಿಯಲ್ಲಿ ಪ್ರಾತ್ಯಕ್ಷಿಕೆ ಮಾಡಿ ತೋರಿಸುತ್ತೀಯ. ಒಂದು ತಿಂಗಳು ಬಿಟ್ಟು ಅದೇ ತಾಯಂದಿರಿಂದ ಮತ್ತೆ ಮಾಡಿಸುತ್ತೀಯ. ಎರಡೂ ಸಲ ಸಿಕ್ಕವರು 80 ಮಂದಿ. ಮೊದಲ ಸಲ ಸರಿ ಮಾಡಿದವರು 28, ಎರಡನೇ ಸಲ 46. ಮೇಲಿನ ಶೇಕಡಾ 35 ಮತ್ತು 57.5 ಬಂದದ್ದು ಇಲ್ಲಿಂದಲೇ.

ಈಗ ಒಬ್ಬೊಬ್ಬ ತಾಯಿಯನ್ನೂ ಎರಡು ಸಲದ ಉತ್ತರದೊಂದಿಗೆ ಜೋಡಿಯಾಗಿ ನೋಡು. ಎರಡೂ ಸಲ ಸರಿ ಮಾಡಿದವರು 24. ಎರಡೂ ಸಲ ತಪ್ಪು ಮಾಡಿದವರು 30. ಮೊದಲು ತಪ್ಪು, ಆಮೇಲೆ ಸರಿ ಮಾಡಿದವರು 22. ಮೊದಲು ಸರಿ ಮಾಡಿ ಆಮೇಲೆ ತಪ್ಪಿದವರು 4. ಪ್ರತಿ ತಾಯಿಯೂ ಈ ನಾಲ್ಕು ಮನೆಗಳಲ್ಲಿ ಯಾವುದಾದರೂ ಒಂದರಲ್ಲಿ ಇದ್ದೇ ಇರುತ್ತಾಳೆ; ಒಟ್ಟು 80. ಪ್ರಬಂಧದಲ್ಲಿ ಅಚ್ಚಾಗಬೇಕಾದ ಕೋಷ್ಟಕ ಇದು. ಅಡ್ಡ ಸಾಲಿನಲ್ಲಿ ಮೊದಲ ಸಲದ ಫಲ, ಉದ್ದ ಸಾಲಿನಲ್ಲಿ ಎರಡನೇ ಸಲದ್ದು. ನಮ್ಮ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬೇರೆಯದೇ ಕೋಷ್ಟಕ: ಒಂದು ಸಾಲು ‘ಮೊದಲು’, ಇನ್ನೊಂದು ‘ನಂತರ’, ಎದುರಿಗೆ ಸರಿ 28 ಮತ್ತು 46, ತಪ್ಪು 52 ಮತ್ತು 34. ಅದರ ಮೊತ್ತ ಕೂಡಿದರೆ 160 ಬರುತ್ತದೆ. ಇರುವ ತಾಯಂದಿರು 80, ಕೋಷ್ಟಕದಲ್ಲಿ 160 ತಲೆ. ಜೋಡಿ ಬಿಚ್ಚಿಹೋಗಿದೆ ಎನ್ನುವುದಕ್ಕೆ ಇಷ್ಟು ಗುರುತು ಸಾಕು. ಪರೀಕ್ಷಕರು ಬುದ್ಧಿವಂತರಾದರೆ ಮೊದಲು ಈ ಮೊತ್ತವನ್ನೇ ಕೂಡಿ ನೋಡುತ್ತಾರೆ.

ಮೆಕ್‌ನೆಮಾರ್ ಪರೀಕ್ಷೆ ನಿಂತಿರುವುದು ಈ ಜೋಡಿಯ ಮೇಲೆ. ಕ್ವಿನ್ ಮೆಕ್‌ನೆಮಾರ್ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ. 1947ರಲ್ಲಿ ಸೈಕೊಮೆಟ್ರಿಕಾ ಪತ್ರಿಕೆಯಲ್ಲಿ ಬರೆದ ಒಂದು ಲೇಖನದಲ್ಲಿ ಇದನ್ನು ಕೊಟ್ಟರು. ಅದರ ವಿಚಾರ ಸರಳ. ಎರಡೂ ಸಲ ಸರಿ ಮಾಡಿದ 24 ಮಂದಿ, ಎರಡೂ ಸಲ ತಪ್ಪಿದ 30 ಮಂದಿ ಬದಲಾವಣೆ ಯಾವ ಕಡೆಗೆ ಆಯಿತು ಎಂಬುದರ ಬಗ್ಗೆ ಏನೂ ಹೇಳುವುದಿಲ್ಲ. ಅವರು ಬದಲಾಗಲೇ ಇಲ್ಲ. ಬದಲಾದವರು 22 ಮತ್ತು 4, ಒಟ್ಟು 26. ನಿನ್ನ ಪ್ರಾತ್ಯಕ್ಷಿಕೆಯಿಂದ ಏನೂ ಆಗಿಲ್ಲ, ಬದಲಾದವರು ತಮ್ಮಷ್ಟಕ್ಕೆ ಬದಲಾದರು ಎಂದುಕೊಂಡರೆ, ಆ 26 ಮಂದಿ ಎರಡೂ ಕಡೆಗೆ ಸರಿಸುಮಾರು ಅರ್ಧರ್ಧ ಹಂಚಿಹೋಗಬೇಕಿತ್ತು, ಒಂದು ನಾಣ್ಯವನ್ನು 26 ಸಲ ಚಿಮ್ಮಿದ ಹಾಗೆ. 26 ಸಲದಲ್ಲಿ ಒಂದು ಮುಖ 4 ಅಥವಾ ಅದಕ್ಕೂ ಕಡಿಮೆ ಸಲ ಬೀಳುವ ಸಂಭವವನ್ನು ಲೆಕ್ಕ ಹಾಕಿ, ಎರಡೂ ಕಡೆಗೆಂದು ದುಪ್ಪಟ್ಟು ಮಾಡಿದರೆ 0.0005 ಬರುತ್ತದೆ. ಅದೇ ನಿಖರ ವಿಧಾನದ ಪಿ ಮೌಲ್ಯ. ಇದರಾಚೆ ಆ ಪರೀಕ್ಷೆಯೊಳಗೆ ಗುಟ್ಟೇನೂ ಇಲ್ಲ.

ಹಾಗಾದರೆ ಬರೀ 28 ಮತ್ತು 46 ಬರೆದರೆ ಏನು ಕಳೆದುಹೋಗುತ್ತದೆ? ಅದೇ ಎರಡು ಸಂಖ್ಯೆಗಳನ್ನು ಇಟ್ಟುಕೊಂಡು ಒಳಗಿನ ಮನೆಗಳನ್ನು ಬೇರೆ ಬೇರೆ ರೀತಿ ತುಂಬಿ ನೋಡು. ಒಂದು ಕಡೆ, 18 ಮಂದಿ ತಪ್ಪಿನಿಂದ ಸರಿಗೆ ಬಂದರು, ಒಬ್ಬರೂ ಹಿಂದೆ ಬೀಳಲಿಲ್ಲ ಎಂದಿಟ್ಟುಕೋ. ಇನ್ನೊಂದು ಕಡೆ, ಮೊದಲು ಸರಿ ಮಾಡಿದ 28 ಮಂದಿಯೂ ಆಮೇಲೆ ತಪ್ಪಿದರು, ತಪ್ಪು ಮಾಡಿದ್ದವರಲ್ಲಿ 46 ಮಂದಿ ಸರಿಯಾದರು ಎಂದಿಟ್ಟುಕೋ. ಎರಡರಲ್ಲೂ ಶೇಕಡಾ 35 ಇದ್ದದ್ದು 57.5 ಆಗುತ್ತದೆ. ಮೊದಲನೆಯದರಲ್ಲಿ ಪಿ ಮೌಲ್ಯ ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ. ಎರಡನೆಯದರಲ್ಲಿ 0.05ಕ್ಕಿಂತ ಸ್ವಲ್ಪವಷ್ಟೇ ಕಡಿಮೆ. ಪಿ ಮೌಲ್ಯದ ಮಾತು ಬಿಡು, ಎರಡನೆಯ ಊರಿನಲ್ಲಿ ಗೊತ್ತಿದ್ದ ತಾಯಂದಿರೆಲ್ಲರೂ ಪ್ರಾತ್ಯಕ್ಷಿಕೆ ನೋಡಿದ ಮೇಲೆ ದಾರಿ ತಪ್ಪಿದ್ದಾರೆ! ಅಂಥ ಕಾರ್ಯಕ್ರಮವನ್ನು ತಕ್ಷಣ ನಿಲ್ಲಿಸಿ ಏನಾಯಿತೆಂದು ನೋಡಬೇಕು. ಶೇಕಡಾವಾರು ಮಾತ್ರ ಬರೆದ ಪ್ರಬಂಧದಲ್ಲಿ ಈ ಎರಡು ಊರುಗಳು ಒಂದೇ ಊರಾಗಿ ಕಾಣುತ್ತವೆ.

ನಿನ್ನ ಕೋಷ್ಟಕದ 4 ನನಗೆ ಮುಖ್ಯವೆನಿಸುವುದು ಇದಕ್ಕೇ. ಸರಿ ಮಾಡುತ್ತಿದ್ದ ಆ ನಾಲ್ವರು ತಿಂಗಳಾದ ಮೇಲೆ ಯಾವ ಹಂತದಲ್ಲಿ ತಪ್ಪಿದರು? ಪೊಟ್ಟಣದಲ್ಲಿ ಅರ್ಧ ಉಳಿಸಿದರೇ, ನೀರನ್ನು ಲೋಟದ ಲೆಕ್ಕದಲ್ಲಿ ಹಾಕಿದರೇ? ನೀರು ಕಡಿಮೆಯಾಗಿ ದ್ರಾವಣ ಗಟ್ಟಿಯಾದರೆ ಮಗುವಿಗೆ ಅಪಾಯ, ಹೆಚ್ಚಾಗಿ ತೆಳುವಾದರೆ ಉಪಯೋಗ ಕಡಿಮೆ; ಎರಡೂ ಒಂದೇ ತಪ್ಪಲ್ಲ. ನಿನ್ನ ಪರಿಶೀಲನಾ ಪಟ್ಟಿಯಲ್ಲಿ ಹಂತಗಳನ್ನು ಬೇರೆ ಬೇರೆ ಗುರುತಿಸಿದ್ದರೆ ಉತ್ತರ ಅಲ್ಲೇ ಇರುತ್ತದೆ. ಚರ್ಚೆಯ ಅಧ್ಯಾಯದಲ್ಲಿ ಆ ನಾಲ್ವರಿಗೆ ಒಂದು ಪ್ಯಾರಾ ಕೊಡು.

ತಪ್ಪಾದ ಪರೀಕ್ಷೆ ಹೇಗೆ ಒಳನುಗ್ಗುತ್ತದೆ ಅನ್ನುವುದನ್ನೂ ಹೇಳಬೇಕು, ಏಕೆಂದರೆ ಇದು ಕಣ್ಣು ತಪ್ಪಿಸಿ ಬರುತ್ತದೆ. ನಾಲ್ಕು ಮನೆಯ ಕೋಷ್ಟಕ ಸರಿಯಾಗಿ ಮಾಡಿದ ಮೇಲೂ ಅಭ್ಯಾಸಬಲದಿಂದ ಸಾಮಾನ್ಯ ಕೈ-ಸ್ಕ್ವೇರ್ ಪರೀಕ್ಷೆ ಒತ್ತಿಬಿಡುತ್ತಾರೆ. ಅದು ಉತ್ತರಿಸುವ ಪ್ರಶ್ನೆಯೇ ಬೇರೆ: ಮೊದಲ ಸಲದ ಫಲಕ್ಕೂ ಎರಡನೇ ಸಲದ ಫಲಕ್ಕೂ ಸಂಬಂಧವಿದೆಯೇ ಎಂದು. ಒಬ್ಬಳೇ ತಾಯಿಯ ಎರಡು ಫಲಗಳ ನಡುವೆ ಸಂಬಂಧ ಇಲ್ಲದೆ ಇರುತ್ತದೆಯೇ? 80 ಮಂದಿಯಲ್ಲಿ 38 ಎರಡೂ ಸಲ ಸರಿ, 38 ಎರಡೂ ಸಲ ತಪ್ಪು, ಆ ಕಡೆಗೆ 2, ಈ ಕಡೆಗೆ 2 ಎಂದು ಇಟ್ಟು ನೋಡು. ಬದಲಾವಣೆ ಸೊನ್ನೆ, ಮೊದಲೂ 40, ಆಮೇಲೂ 40. ಆದರೂ ಆ ಕೈ-ಸ್ಕ್ವೇರ್ 64.8 ಎಂದು ಬರುತ್ತದೆ, ಪಿ ಮೌಲ್ಯ ಸೊನ್ನೆಗೆ ಅಂಟಿಕೊಂಡಿರುತ್ತದೆ. ಏನೂ ಆಗದ ಕಾರ್ಯಕ್ರಮ ಭರ್ಜರಿ ಯಶಸ್ಸಾಗಿ ಅಚ್ಚಾಗುತ್ತದೆ. ಹಾಗಾಗಿ ಪರೀಕ್ಷೆಯ ಹೆಸರನ್ನು ‘ಕೈ-ಸ್ಕ್ವೇರ್’ ಎಂದಷ್ಟೇ ಬರೆಯಬೇಡ. ಮೆಕ್‌ನೆಮಾರ್ ಎಂದು ಬರೆ.

ಅಷ್ಟೂ ಸಾಲದು, ಯಾವ ಮೆಕ್‌ನೆಮಾರ್ ಎಂದೂ ಬರೆಯಬೇಕು. ಒಂದೇ ಕೋಷ್ಟಕದಿಂದ ಹಲವು ಪಿ ಮೌಲ್ಯ ಹೊರಡುತ್ತವೆ. ಮೂಲ ಸೂತ್ರ ಇದು:

```
χ² = (22 − 4)² / (22 + 4) = 324 / 26 = 12.46
```

ಇದಕ್ಕೆ ಪಿ ಮೌಲ್ಯ 0.0004. ಮೇಲಿನ ವ್ಯತ್ಯಾಸದಿಂದ ಒಂದನ್ನು ಕಳೆದು ವರ್ಗ ಮಾಡುವ ತಿದ್ದುಪಡಿ ಒಂದಿದೆ. ಅದನ್ನು ಹಾಕಿದರೆ 289 / 26, ಅಂದರೆ 11.12, ಪಿ ಮೌಲ್ಯ 0.0009. ನಾಣ್ಯದ ಲೆಕ್ಕದ ನಿಖರ ವಿಧಾನದಲ್ಲಿ 0.0005. ಇಲ್ಲಿ ಮೂರೂ ಒಂದೇ ತೀರ್ಮಾನಕ್ಕೆ ಬಂದವು. ಆದರೆ ಬದಲಾದವರು ಹತ್ತು ಹದಿನೈದು ಮಂದಿಯಷ್ಟೇ ಇದ್ದರೆ ಒಂದು 0.05ರ ಈಚೆ, ಇನ್ನೊಂದು ಆಚೆ ನಿಲ್ಲಬಹುದು. ಆಗ ತನಗೆ ಬೇಕಾದುದನ್ನು ಆರಿಸಿಕೊಂಡಳು ಎಂಬ ಮಾತು ಬರಬಾರದಲ್ಲ, ಅದಕ್ಕೇ ಸಿನಾಪ್ಸಿಸ್‌ನಲ್ಲೇ ವಿಧಾನವನ್ನು ಬರೆದಿಡು. ಬದಲಾದವರ ಸಂಖ್ಯೆ 25ರ ಆಸುಪಾಸು ಅಥವಾ ಕಡಿಮೆ ಇದ್ದರೆ ನಿಖರ ವಿಧಾನ ಎನ್ನುವುದು ಪಠ್ಯಪುಸ್ತಕಗಳ ರೂಢಿ. ಆ ನಿಖರ ವಿಧಾನ ಸ್ವಲ್ಪ ಅತಿ ಎಚ್ಚರದ್ದು, ಇರುವ ಬದಲಾವಣೆಯನ್ನೂ ಕೆಲವೊಮ್ಮೆ ಬಿಟ್ಟುಬಿಡುತ್ತದೆ. ತಿದ್ದುಪಡಿ ಹಾಕಿದ್ದೂ ಹಾಗೆಯೇ. 2013ರಲ್ಲಿ ಫಾಗರ್‌ಲ್ಯಾಂಡ್ ಮತ್ತು ಸಂಗಡಿಗರು ಈ ವಿಧಾನಗಳನ್ನು ಹೋಲಿಸಿ, ತಿದ್ದುಪಡಿ ಇಲ್ಲದ ಮೂಲ ಸೂತ್ರ ಅಥವಾ ‘ಮಿಡ್-ಪಿ’ ಎಂಬ ರೂಪವೇ ಮೇಲು ಎಂದು ತೋರಿಸಿದ್ದಾರೆ. ನನ್ನ ಮಾತು ಕೇಳುವುದಾದರೆ, ನಿನ್ನ ಗೈಡ್ ಒಪ್ಪುವ ಯಾವುದಾದರೂ ಒಂದನ್ನು ಹಿಡಿ, ಆದರೆ ಮೊದಲೇ ಹಿಡಿ, ಹೆಸರು ಹೇಳಿ ಹಿಡಿ.

ಸಾಫ್ಟ್‌ವೇರ್ ಏನು ಕೊಡುತ್ತದೆ ಎನ್ನುವುದೂ ಗೊತ್ತಿರಲಿ. R ಬಳಸಿದರೆ ಇಷ್ಟು ಸಾಕು:

```
m <- matrix(c(24, 22, 4, 30), nrow = 2)
mcnemar.test(m, correct = FALSE)
binom.test(4, 26)
```

ಎರಡನೇ ಸಾಲಿನಲ್ಲಿ `correct = FALSE` ಬರೆಯದಿದ್ದರೆ R ತಾನಾಗಿಯೇ ತಿದ್ದುಪಡಿ ಹಾಕಿಬಿಡುತ್ತದೆ. ಮೂರನೆಯ ಸಾಲು ನಿಖರ ವಿಧಾನ. SPSS ಬಳಸುವವರು Crosstabs ಒಳಗೆ McNemar ಗುರುತು ಹಾಕಿದರೆ ಕೈ-ಸ್ಕ್ವೇರ್ ಕಾಣುವುದೇ ಇಲ್ಲ. ಕೆಳಗೆ ‘Binomial distribution used’ ಎಂಬ ಟಿಪ್ಪಣಿ ಇರುತ್ತದೆ. ಅಂದರೆ ಅದು ನಿಖರ ವಿಧಾನ. ಕೈ-ಸ್ಕ್ವೇರ್ ಕಾಣಲಿಲ್ಲವೆಂದು ಗಾಬರಿಯಾಗಿ ಪಕ್ಕದ ಪಿಯರ್ಸನ್ ಕೈ-ಸ್ಕ್ವೇರ್ ಸಂಖ್ಯೆಯನ್ನು ಎತ್ತಿ ಈ ಪಿ ಮೌಲ್ಯದ ಜೊತೆ ಬರೆಯುವವರಿದ್ದಾರೆ, ಎರಡಕ್ಕೂ ಸಂಬಂಧವಿಲ್ಲ. ಪರದೆಯ ಮೇಲೆ .000 ಎಂದು ಬಂದರೆ ಅದನ್ನು ಸೊನ್ನೆ ಎಂದು ಬರೆಯಬೇಡ, 0.001ಕ್ಕಿಂತ ಕಡಿಮೆ ಎಂದು ಬರೆ.

ಇನ್ನು ಪಿ ಮೌಲ್ಯಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಬದಲಾವಣೆಯ ಅಳತೆ. ತಾಲೂಕು ಆರೋಗ್ಯಾಧಿಕಾರಿ ನಿನ್ನನ್ನು ಕೇಳುವುದು, ಎಷ್ಟು ಜನರಿಗೆ ಉಪಯೋಗವಾಯಿತಮ್ಮ ಎಂದು. 22ರಲ್ಲಿ 4 ಕಳೆದರೆ 18. 80ರಲ್ಲಿ 18 ಅಂದರೆ 22.5 ಶೇಕಡಾ ಅಂಶಗಳ ಏರಿಕೆ. ಇದರ ಜೊತೆ ಶೇಕಡಾ 95ರ ಕಾನ್ಫಿಡೆನ್ಸ್ ಇಂಟರ್ವಲ್ ಕೊಡಲೇಬೇಕು. ಸರಳ ಲೆಕ್ಕ ಹೀಗೆ: ಬದಲಾದವರ ಸಂಖ್ಯೆ 26ರಿಂದ, 18ರ ವರ್ಗವನ್ನು 80ರಿಂದ ಭಾಗಿಸಿ ಬಂದ 4.05 ಕಳೆ, ವರ್ಗಮೂಲ ತೆಗೆ, 80ರಿಂದ ಭಾಗಿಸು. 0.0586 ಬರುತ್ತದೆ. 1.96ರಿಂದ ಗುಣಿಸಿ ಎರಡೂ ಕಡೆ ಇಟ್ಟರೆ 11.0ರಿಂದ 34.0 ಶೇಕಡಾ ಅಂಶ. ಬದಲಾದವರು ತೀರಾ ಕಡಿಮೆ ಇದ್ದಾಗ ಈ ಸರಳ ಸೂತ್ರ ನಂಬಿಕೆಗೆ ಅರ್ಹವಲ್ಲ, ನ್ಯೂಕೂಂಬ್ ವಿಧಾನದಂಥದ್ದು ಬೇಕು. ಈ ಉದಾಹರಣೆಗೆ ನಡೆಯುತ್ತದೆ. ನೋಡು, ಪಿ ಮೌಲ್ಯ ಅಷ್ಟು ಚಿಕ್ಕದಿದ್ದರೂ ನಿಜವಾದ ಏರಿಕೆ 11 ಇರಬಹುದು, 34 ಇರಬಹುದು ಎನ್ನುತ್ತದೆ ಈ ಇಂಟರ್ವಲ್. ಅಧಿಕಾರಿಗೆ ಬೇಕಾದ ಮಾಹಿತಿ ಅದು.

ಇನ್ನೊಂದು ಅಳತೆಯನ್ನೂ ಬಳಸುತ್ತಾರೆ: 22ನ್ನು 4ರಿಂದ ಭಾಗಿಸಿದ ಅನುಪಾತ, 5.5. ಇದರ ಇಂಟರ್ವಲ್ 1.9ರಿಂದ 21.9ರವರೆಗೆ ಹರಡಿದೆ, ಹಿಂದೆ ಬಿದ್ದವರ ಮನೆಯಲ್ಲಿ ಬರೀ ನಾಲ್ವರು ಇರುವುದರಿಂದ. ಇದನ್ನು ‘ತಾಯಂದಿರ ಕೌಶಲ 5.5 ಪಟ್ಟು ಹೆಚ್ಚಿತು’ ಎಂದು ಓದಬಾರದು. ಹೆಚ್ಚಿದ್ದು 28ರಿಂದ 46ಕ್ಕೆ, ಎರಡು ಪಟ್ಟೂ ಅಲ್ಲ. ಹಿಂದೆ ಬಿದ್ದ ಪ್ರತಿ ಒಬ್ಬರಿಗೆ ಮುಂದೆ ಬಂದವರು ಐದೂವರೆ ಎಂದಷ್ಟೇ ಅದರ ಅರ್ಥ. ಹಳ್ಳಿಯ ಕೆಲಸದ ವರದಿಗೆ ನನಗೆ ವ್ಯತ್ಯಾಸದ ಅಳತೆಯೇ ಇಷ್ಟ. ಓದುವವರು ಅದನ್ನು ತಪ್ಪಾಗಿ ತಿಳಿಯುವುದು ಕಡಿಮೆ.

ಫಲಿತಾಂಶದ ವಾಕ್ಯಗಳನ್ನು ಹೀಗೆ ಬರೆಯಬಹುದು, ಪ್ರಬಂಧ ಇಂಗ್ಲಿಷಿನಲ್ಲಿದ್ದರೂ ಕ್ರಮ ಇದೇ: “ನೋಂದಾಯಿಸಿದ 92 ತಾಯಂದಿರಲ್ಲಿ 80 ಮಂದಿಯನ್ನು ಎರಡೂ ಸಲ ಪರೀಕ್ಷಿಸಲಾಯಿತು. ಓಆರ್‌ಎಸ್ ಸರಿಯಾಗಿ ತಯಾರಿಸಿದವರು ಮೊದಲು 28 (ಶೇ. 35.0), ಒಂದು ತಿಂಗಳ ನಂತರ 46 (ಶೇ. 57.5). ತಪ್ಪಿನಿಂದ ಸರಿಗೆ 22 ಮಂದಿ, ಸರಿಯಿಂದ ತಪ್ಪಿಗೆ 4 ಮಂದಿ ಬದಲಾದರು. ಏರಿಕೆ 22.5 ಶೇಕಡಾ ಅಂಶ (ಶೇ. 95 ಕಾನ್ಫಿಡೆನ್ಸ್ ಇಂಟರ್ವಲ್ 11.0ರಿಂದ 34.0), ನಿಖರ ಮೆಕ್‌ನೆಮಾರ್ ಪರೀಕ್ಷೆ, ಎರಡೂ ಬದಿಯ ಪಿ ಮೌಲ್ಯ 0.0005.” ಇಷ್ಟು ಬರೆದರೆ ಓದುಗ ಕಾಗದದ ಮೇಲೆ ನಿನ್ನ ಲೆಕ್ಕವನ್ನು ಮತ್ತೆ ಮಾಡಬಲ್ಲ.

ಅಲ್ಲಿ 92 ಎಂದು ಬರೆದೆನಲ್ಲ, ಆ 12 ಮಂದಿಯ ವಿಷಯ. ಜೋಡಿ ಇಲ್ಲದವರು ಈ ಪರೀಕ್ಷೆಗೆ ಬರುವುದಿಲ್ಲ, ಸದ್ದಿಲ್ಲದೆ ಬಿದ್ದುಹೋಗುತ್ತಾರೆ. ಸಾಫ್ಟ್‌ವೇರ್ ಅದನ್ನು ದೊಡ್ಡ ಅಕ್ಷರದಲ್ಲಿ ಹೇಳುವುದಿಲ್ಲ. ಎರಡನೇ ಭೇಟಿಗೆ ಸಿಗದವರು ಕೂಲಿಗೆ ಹೋದವರಿರಬಹುದು, ಹೆರಿಗೆಗೆ ತವರಿಗೆ ಹೋದವರಿರಬಹುದು, ಗುಳೆ ಹೋದವರಿರಬಹುದು. ಆ 12 ಮಂದಿಯಲ್ಲಿ ಮೊದಲ ಸಲ ಸರಿ ಮಾಡಿದ್ದವರು 2 ಮಾತ್ರ ಎಂದಿಟ್ಟುಕೋ. ಉಳಿದವರಲ್ಲಿ ಅದು ಶೇಕಡಾ 35, ಇವರಲ್ಲಿ ಸುಮಾರು 17. ಹೆಚ್ಚು ಕಷ್ಟದಲ್ಲಿರುವವರೇ ನಿನ್ನ ಕೈತಪ್ಪಿರಬಹುದು. ಇದನ್ನು ಒಂದು ಸಾಲಿನಲ್ಲಿ ಬರೆದರೆ ಸಾಕು, ಮುಚ್ಚಿಡಬಾರದು.

ಇದೆಲ್ಲ ಸಾಧ್ಯವಾಗಬೇಕಾದರೆ ದತ್ತಾಂಶದಲ್ಲಿ ಜೋಡಿ ಉಳಿದಿರಬೇಕು. ಗೋಪ್ಯತೆ ಕಾಪಾಡಬೇಕೆಂಬ ಒಳ್ಳೆಯ ಉದ್ದೇಶದಿಂದಲೇ ಎರಡೂ ಸಲದ ಫಾರಂಗಳನ್ನು ಹೆಸರು ಸಂಖ್ಯೆ ಏನೂ ಇಲ್ಲದೆ ತುಂಬಿಸಿಕೊಂಡು ಬಂದರೆ, ಆಮೇಲೆ ಯಾವ ಸಂಖ್ಯಾಶಾಸ್ತ್ರಜ್ಞನೂ ಅವನ್ನು ಜೋಡಿಸಲಾರ. ಮೆಕ್‌ನೆಮಾರ್ ಪರೀಕ್ಷೆ ಅಲ್ಲಿಗೇ ಮುಗಿಯಿತು. ಪ್ರತಿ ತಾಯಿಗೂ ಒಂದು ಕೋಡ್ ಕೊಡು, ಹೆಸರು-ಕೋಡ್ ಪಟ್ಟಿಯನ್ನು ಬೇರೆ ಪುಸ್ತಕದಲ್ಲಿ ಬೀಗ ಹಾಕಿಡು. ಮಾಸ್ಟರ್ ಚಾರ್ಟ್‌ನಲ್ಲಿ ಒಬ್ಬರಿಗೆ ಒಂದೇ ಸಾಲು ಇರಲಿ, ಮೊದಲ ಫಲ ಮತ್ತು ಎರಡನೇ ಫಲ ಪಕ್ಕಪಕ್ಕದ ಕಾಲಂಗಳಲ್ಲಿರಲಿ. ಸಾಲುಗಳು 160 ಆದರೆ ಏನೋ ತಪ್ಪಿದೆ ಎಂದೇ ತಿಳಿ.

ಕೊನೆಗೆ, ಈ ಫಲಿತಾಂಶ ಏನನ್ನು ಹೇಳಲಾರದು ಎನ್ನುವುದನ್ನೂ ನೀನೇ ಬರೆಯಬೇಕು. ಬದಲಾವಣೆ ಒಂದು ಕಡೆಗೆ ವಾಲಿದೆ ಎಂದು ಮೆಕ್‌ನೆಮಾರ್ ಹೇಳುತ್ತದೆ. ನಿನ್ನ ಪ್ರಾತ್ಯಕ್ಷಿಕೆಯಿಂದಲೇ ವಾಲಿತು ಎಂದು ಹೇಳುವುದಿಲ್ಲ. ಆ ತಿಂಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದು ಪೊಟ್ಟಣ ಕೊಟ್ಟು ವಿವರಿಸಿರಬಹುದು. ಮಗುವಿಗೆ ಭೇದಿಯಾಗಿ ಆಸ್ಪತ್ರೆಯಲ್ಲೇ ಕಲಿತಿರಬಹುದು. ಮೊದಲ ಪರೀಕ್ಷೆಯೇ ತಾಯಿಯನ್ನು ಎಚ್ಚರಿಸಿರಬಹುದು. ಎರಡೂ ಸಲ ಅಂಕ ಹಾಕಿದವಳು ನೀನೇ ಆದ್ದರಿಂದ ಎರಡನೇ ಸಲ ಕೈ ಸ್ವಲ್ಪ ಸಡಿಲವಾಗಿರಲೂಬಹುದು. ಅಂಗನವಾಡಿಯಲ್ಲಿ ಗುಂಪಾಗಿ ಕಲಿತ ತಾಯಂದಿರು ಒಬ್ಬರನ್ನೊಬ್ಬರು ನೋಡಿ ಕಲಿಯುತ್ತಾರೆ. ಪರೀಕ್ಷೆಯಂತೂ ಪ್ರತಿ ಜೋಡಿಯೂ ಸ್ವತಂತ್ರ ಎಂದೇ ನಂಬಿಕೊಂಡಿರುತ್ತದೆ, ಆದ್ದರಿಂದ ನಿಜವಾದ ಇಂಟರ್ವಲ್ ನೀನು ಬರೆದದ್ದಕ್ಕಿಂತ ಅಗಲವೇ ಇರುತ್ತದೆ.

ಇದಕ್ಕಿಂತ ಕೆಟ್ಟ ಬಲೆಯೊಂದಿದೆ. ಗೊತ್ತಿಲ್ಲದವರಿಗೇ ಕಲಿಸೋಣ ಎಂದು ಮೊದಲ ಸಲ ತಪ್ಪು ಮಾಡಿದ 52 ಮಂದಿಯನ್ನು ಮಾತ್ರ ಅಧ್ಯಯನಕ್ಕೆ ತೆಗೆದುಕೊಂಡರೆ, ಸರಿಯಿಂದ ತಪ್ಪಿಗೆ ಬೀಳುವ ಮನೆ ಆರಂಭದಲ್ಲೇ ಖಾಲಿ. ಬದಲಾವಣೆ ಒಂದೇ ಕಡೆಗೆ ಹೋಗಬಲ್ಲದು. ಏನೂ ಕಲಿಸದಿದ್ದರೂ, ಆ ದಿನ ಅವಸರದಲ್ಲಿ ತಪ್ಪಿದ ಕೆಲವರು ಮುಂದಿನ ಸಲ ಸರಿ ಮಾಡಿಯೇ ಮಾಡುತ್ತಾರೆ, ಪಿ ಮೌಲ್ಯ ಚಿಕ್ಕದಾಗಿಯೇ ಬರುತ್ತದೆ. ಕಲಿಸುವುದು ಅವರಿಗೇ ಆಗಲಿ, ಬೇಡ ಎನ್ನುವುದಿಲ್ಲ. ಆದರೆ ಆ ಗುಂಪಿನ ಮೇಲೆ ಮೆಕ್‌ನೆಮಾರ್ ನಡೆಸಿ ಏನನ್ನಾದರೂ ಸಾಧಿಸಿದೆ ಎನ್ನಬಾರದು. ಬದಲಾವಣೆ ಪ್ರಾತ್ಯಕ್ಷಿಕೆಯಿಂದಲೇ ಆಯಿತೇ ಎಂಬ ಪ್ರಶ್ನೆಗೆ, ಅದೇ ಕಾಲದಲ್ಲಿ ಎರಡು ಸಲ ಪರೀಕ್ಷಿಸಿದರೂ ಪ್ರಾತ್ಯಕ್ಷಿಕೆ ಕೊಡದ ಇನ್ನೊಂದು ಅಂಗನವಾಡಿಯ ತಾಯಂದಿರು ಬೇಕು, ಎರಡು ಗುಂಪುಗಳ ಬದಲಾವಣೆಯನ್ನು ಹೋಲಿಸಬೇಕು. ಅವರಿಗೂ ಎರಡನೇ ಪರೀಕ್ಷೆ ಮುಗಿದ ದಿನವೇ ಪ್ರಾತ್ಯಕ್ಷಿಕೆ ಮಾಡಿ ತೋರಿಸು; ಎಥಿಕ್ಸ್ ಕಮಿಟಿಗೆ ಕೊಡುವ ಅರ್ಜಿಯಲ್ಲೂ ಹಾಗೆಂದೇ ಬರೆ. ಎರಡನೇ ಗುಂಪು ನಿನ್ನ ಕೈಯಲ್ಲಿ ಆಗದ ಮಾತಾದರೆ, ಪ್ರಬಂಧದ ಶೀರ್ಷಿಕೆಯಲ್ಲಿ ‘ಪರಿಣಾಮ’ ಎನ್ನುವ ಕಡೆ ‘ಮೊದಲು ಮತ್ತು ನಂತರದ ಬದಲಾವಣೆ’ ಎಂದು ಇಡಲು ಗೈಡ್ ಬಳಿ ಈ ವಾರವೇ ಕೇಳು. ಸಿನಾಪ್ಸಿಸ್ ಒಮ್ಮೆ ಮಂಜೂರಾದ ಮೇಲೆ ಶೀರ್ಷಿಕೆ ಬದಲಿಸುವುದು ಸುಲಭವಲ್ಲ.